ಕ್ಯಾಪ್ಲೆಟ್ ಲೆಕ್ಕ: 2,000 ಡಾಲರ್ ಬರಬೇಕಿತ್ತು, 2,044.44 ಬಂದಿದೆ

ಪ್ರಶ್ನೆ (ಕಾಫಿ ಕ್ಯೂರಿಂಗ್ ಘಟಕದ ಲೆಕ್ಕಪತ್ರ ವಿಭಾಗ, ಚಿಕ್ಕಮಗಳೂರು): ನಮಗೆ 10 ಲಕ್ಷ ಡಾಲರ್ ಸಾಲವಿದೆ. ಡಾಲರ್ ಸಾಲಗಳಿಗೆ ಆಧಾರವಾದ ಮೂರು ತಿಂಗಳ ಟರ್ಮ್ ಸೋಫರ್ ದರಕ್ಕೆ ಶೇ 2 ಸೇರಿಸಿ ಬಡ್ಡಿ. ದರ ಏರೀತೆಂದು ಶೇ 4.50ರ ಕ್ಯಾಪ್ ಕೊಂಡಿದ್ದೇವೆ, ದರ ಅದನ್ನು ದಾಟಿದರೆ ವ್ಯತ್ಯಾಸವನ್ನು ಬ್ಯಾಂಕ್ ಕೊಡುತ್ತದೆ. ಕ್ಯಾಪ್‌ನಲ್ಲಿ ಪ್ರತಿ ಮೂರು ತಿಂಗಳ ಅವಧಿಗೂ ಒಂದೊಂದು ಕ್ಯಾಪ್ಲೆಟ್. ಜುಲೈ 1ರಿಂದ ಅಕ್ಟೋಬರ್ 1ರವರೆಗಿನ ಅವಧಿಗೆ ಸೋಫರ್ ಶೇ 5.30 ಎಂದು ನಿಗದಿಯಾಗಿತ್ತು. ವ್ಯತ್ಯಾಸ 0.80, ಅದರ ಕಾಲು ಭಾಗ 2,000 ಡಾಲರ್ ಎಂದು ಬರೆದಿಟ್ಟಿದ್ದೆ. ಬ್ಯಾಂಕಿನಿಂದ ಬಂದದ್ದು 2,044.44. ಸೆಪ್ಟೆಂಬರ್ ಕೊನೆಗೆ ದರ 4.20ಕ್ಕೆ ಇಳಿದಿದೆ. ಈ ಹಣವನ್ನು ಬ್ಯಾಂಕ್ ವಾಪಸ್ ಕೇಳುತ್ತದೆಯೇ?

ಸದಸ್ಯರು, ಹಾಸನ: ಕಾಲು ಭಾಗ ಎಂದು ಹಿಡಿದದ್ದೇ ತಪ್ಪು, ದಿನ ಎಣಿಸಬೇಕು. 92 ದಿನವನ್ನು 365ರಿಂದ ಭಾಗಿಸಿದರೆ 2,016.44 ಬರುತ್ತದೆ. ಬ್ಯಾಂಕ್ 28 ಡಾಲರ್ ಹೆಚ್ಚು ಕೊಟ್ಟಿದೆ. ತಾವೇ ತಿಳಿಸಿಬಿಡಿ.

ಇನ್ನೊಬ್ಬ ಸದಸ್ಯರು, ಅರಸೀಕೆರೆ: ನನ್ನ ಗೃಹಸಾಲ ರೆಪೊ ದರಕ್ಕೆ ಜೋಡಣೆಯಾಗಿದೆ. ದರ ಏರಿದಾಗ ಕಂತು ಹಾಗೆಯೇ ಇಟ್ಟು ಅವಧಿಯನ್ನೇ ಉದ್ದ ಮಾಡಿದರು. ನನಗೂ ಇಂಥ ಕ್ಯಾಪ್ ಸಿಗುತ್ತದೆಯೇ?

ಉತ್ತರ (ಬ್ಯಾಂಕ್ ಟ್ರೆಷರಿಯಲ್ಲಿ ದುಡಿದು ನಿವೃತ್ತರಾದವರು, ಹಾಸನ): ಮೇಡಂ, ಬ್ಯಾಂಕಿನ ಲೆಕ್ಕ ಸರಿಯಾಗಿದೆ. ದಿನ ಎಣಿಸಬೇಕೆಂದು ಸ್ನೇಹಿತರು ಹೇಳಿದ್ದೂ ಸರಿ. ಆದರೆ 365 ರೂಪಾಯಿ ದರಗಳ ರೂಢಿ. ಡಾಲರ್ ಸೋಫರ್‌ಗೆ ನಿಜವಾದ ದಿನಗಳನ್ನು 360ರಿಂದ ಭಾಗಿಸುತ್ತಾರೆ.

```
10,00,000 × max(5.30% − 4.50%, 0) × 92/360 = 2,044.44
```

ಇದು ಬ್ಯಾಂಕಿನ ಉದಾರತೆಯಲ್ಲ. ತಮ್ಮ ಸಾಲದ ಬಡ್ಡಿಯ ಚೀಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಸೋಫರ್ ಭಾಗಕ್ಕೆ ತಾವು ಕಟ್ಟಿದ್ದು 13,544.44 ಡಾಲರ್ ಇರಬೇಕು. ಅದೂ 92/360ರ ಲೆಕ್ಕವೇ. ಅದರಲ್ಲಿ 2,044.44 ಕಳೆದರೆ ಉಳಿಯುವುದು ಸರಿಯಾಗಿ 11,500, ಅಂದರೆ ಶೇ 4.50ರ ಬಡ್ಡಿ. ಒಂದು ಸೆಂಟ್ ಕೂಡ ಆಚೀಚೆ ಇಲ್ಲ. 2,000 ಮಾತ್ರ ಬಂದಿದ್ದರೆ ಕ್ಯಾಪ್ ಇದ್ದೂ ತಮ್ಮ ದರ 4.50ನ್ನು ದಾಟುತ್ತಿತ್ತು. ಸಾಲದ ಪತ್ರದಲ್ಲೂ ಕ್ಯಾಪ್ ಪತ್ರದಲ್ಲೂ ದಿನ ಎಣಿಸುವ ಕ್ರಮ ಒಂದೇ ಇರಬೇಕು. ನಾನು ಕೆಲಸದಲ್ಲಿದ್ದಾಗ ಒಂದರಲ್ಲಿ 360, ಇನ್ನೊಂದರಲ್ಲಿ 365 ಬರೆದಿದ್ದ ಪ್ರಕರಣವನ್ನು ಕಂಡಿದ್ದೇನೆ. ಪ್ರತಿ ಕಂತಿನಲ್ಲೂ ಸ್ವಲ್ಪ ಸ್ವಲ್ಪ ಸೋರುತ್ತಿತ್ತು, ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಇನ್ನು ವಾಪಸ್ ಕೇಳುವ ಮಾತು. ಆ ಕ್ಯಾಪ್ಲೆಟ್‌ನ ಫಲ ಜುಲೈ ಆರಂಭದಲ್ಲೇ, 5.30 ನಿಗದಿಯಾದ ಹೊತ್ತಿಗೇ, ಗೊತ್ತಾಗಿಬಿಟ್ಟಿತ್ತು. ಹಣ ಕೈಸೇರುವುದು ಮಾತ್ರ ಅವಧಿಯ ಕೊನೆಗೆ, ತಾವು ಬಡ್ಡಿ ಕಟ್ಟುವ ದಿನ. ನಡುವೆ ದರ ಇಳಿದರೂ ಏರಿದರೂ ಆ ಮೊತ್ತ ಅಲುಗುವುದಿಲ್ಲ. ಮುಂದಿನ ಅವಧಿಗೆ 4.20 ನಿಗದಿಯಾಗಿದ್ದರೆ ಆ ಕ್ಯಾಪ್ಲೆಟ್‌ನಿಂದ ಬರುವುದು ಸೊನ್ನೆ. ಋಣ ಸಂಖ್ಯೆ ಬಾರದಂತೆ ಸೂತ್ರದಲ್ಲಿರುವ max ತಡೆಯುತ್ತದೆ. ತಾವು ಏನನ್ನೂ ಕೊಡಬೇಕಿಲ್ಲ. ಕೊಡಬೇಕಾದದ್ದನ್ನು ಪ್ರೀಮಿಯಂ ರೂಪದಲ್ಲಿ ಮೊದಲೇ ಕೊಟ್ಟಾಗಿದೆ.

ಅರಸೀಕೆರೆಯವರೇ, ತಮ್ಮದು ಬೇರೆ ವಿಷಯ, ಪ್ರತ್ಯೇಕವಾಗಿ ಕೇಳಿ.

ಸದಸ್ಯರು, ಹಾಸನ: 360ರ ಮಾತು ಒಪ್ಪಿದೆ, ಸರ್. ಆದರೆ ಅವರು ಕಟ್ಟುವ ಒಟ್ಟು ಬಡ್ಡಿ 7.30. ಕ್ಯಾಪ್ 4.50 ಎಂದ ಮೇಲೆ 2.80ರ ವ್ಯತ್ಯಾಸವೇ ಬರಬೇಕಲ್ಲವೇ?

ಉತ್ತರ (ಅದೇ ನಿವೃತ್ತರು): ಇಲ್ಲ. ಕ್ಯಾಪ್ ನೋಡುವುದು ಸೋಫರನ್ನು ಮಾತ್ರ. ಮೇಲಿನ ಶೇ 2 ಬ್ಯಾಂಕಿಗೂ ಸಾಲಗಾರರಿಗೂ ನಡುವಿನ ಒಪ್ಪಂದ, ಅದು ಕ್ಯಾಪ್‌ನ ಹೊರಗೆ. ಮೇಡಂ ಅವರ ಗರಿಷ್ಠ ದರ 6.50 ಎಂದೇ ಬಜೆಟ್‌ನಲ್ಲಿ ಬರೆದುಕೊಳ್ಳಬೇಕು, ಪ್ರೀಮಿಯಂ ಬೇರೆ.

ಪ್ರಶ್ನೆ ಕೇಳಿದವರು: ಬಡ್ಡಿ ಚೀಟಿ ತೆಗೆದು ನೋಡಿದೆ, ಸರ್. 13,544.44 ಹಾಗೆಯೇ ಇದೆ. ಇನ್ನೊಂದು ಅನುಮಾನ. ಅಕ್ಟೋಬರ್ 1ರಂದು ಅಸಲಿನಲ್ಲಿ 1 ಲಕ್ಷ ಡಾಲರ್ ತೀರಿಸಿದ್ದೇವೆ. ಮುಂದೆ ದರ ಮತ್ತೆ ಏರಿದರೆ ಕ್ಯಾಪ್ಲೆಟ್ ಲೆಕ್ಕ 9 ಲಕ್ಷಕ್ಕೋ 10 ಲಕ್ಷಕ್ಕೋ?

ಉತ್ತರ (ಅದೇ ನಿವೃತ್ತರು): ಸಾಲ ಕರಗಿದ ಮಾತ್ರಕ್ಕೆ ಕ್ಯಾಪ್‌ನ ಮೊತ್ತ ತಾನಾಗಿ ಕರಗುವುದಿಲ್ಲ. ಕ್ಯಾಪ್ ಕೊಂಡಾಗ ಬ್ಯಾಂಕ್ ಕೊಟ್ಟ ದೃಢೀಕರಣ ಪತ್ರದ ಜೊತೆ ಅವಧಿವಾರು ಪಟ್ಟಿ ಇರುತ್ತದೆ. ಪ್ರತಿ ಸಾಲಿನ ಎದುರಿಗೂ ಮೊತ್ತ ಬರೆದಿರುತ್ತಾರೆ. ಅಲ್ಲಿ 10 ಲಕ್ಷವೇ ಇದ್ದರೆ ಲೆಕ್ಕವೂ ಅಷ್ಟಕ್ಕೇ. ಆಗ ಸಾಲಕ್ಕಿಂತ ರಕ್ಷಣೆ ದೊಡ್ಡದಾಗುತ್ತದೆ, ಅದನ್ನು ಹಾಗೆಯೇ ಇಟ್ಟುಕೊಳ್ಳಬಹುದೇ ಎಂದು ಬ್ಯಾಂಕಿನಲ್ಲಿ ಲಿಖಿತವಾಗಿ ಕೇಳಿ. ಪಟ್ಟಿ ನೋಡದೆ ನಾನು ಹೆಚ್ಚು ಹೇಳುವಂತಿಲ್ಲ.

ಪ್ರಶ್ನೆ ಕೇಳಿದವರು: ಆ ಪತ್ರ ಮಾಲೀಕರ ಬೀರುವಿನಲ್ಲಿದೆ. ಅವರು ತೋಟದಿಂದ ಬಂದ ಮೇಲೆ ಪಟ್ಟಿ ನೋಡಿ ಬರೆಯುತ್ತೇನೆ.