ಸಹಾಯ ಬೇಕು: ಒಂದೂವರೆ ಪಟ್ಟು ಸಂಬಳಕ್ಕಾಗಿ ಸರ್ಕಾರಿ ಕೆಲಸ ಬಿಡಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಇಲಾಖೆಯೊಂದರಲ್ಲಿ ಎಂಜಿನಿಯರ್. ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆಗಿದೆ. ಈಗ ಖಾಸಗಿ ಕಂಪನಿಯೊಂದು ಒಂದೂವರೆ ಪಟ್ಟು ಸಂಬಳಕ್ಕೆ ಕರೆದಿದೆ.

ಆದರೆ ಆಫರ್ ಪತ್ರವನ್ನು ಬಿಡಿಸಿ ನೋಡಿದರೆ ಲೆಕ್ಕವೇ ಬೇರೆ. ನನ್ನ ಈಗಿನ ಸಂಬಳ 100 ಎಂದಿಟ್ಟುಕೊಳ್ಳಿ. ಅವರು ಹೇಳುವ 150ರಲ್ಲಿ 30 ಬೋನಸ್. ಅದು ನನ್ನ ಸಾಧನೆ ಮತ್ತು ಕಂಪನಿಯ ಲಾಭವನ್ನು ಅವಲಂಬಿಸಿದೆ. ಖಚಿತವಾಗಿ ಸಿಗುವುದು 120. ಇಲ್ಲಿನ ಪಿಂಚಣಿ ಅಲ್ಲಿಲ್ಲ, ಅದಕ್ಕೆ ಬದಲಾಗಿ ತಿಂಗಳಿಗೆ 15 ಉಳಿಸಿದರೂ ಹೆಚ್ಚಿಗೆ ಉಳಿಯುವುದು ಬರೀ 5!

ಹಾಗಿದ್ದರೂ ಮನಸ್ಸು ಅತ್ತಲೇ ಎಳೆಯುತ್ತಿದೆ. ಇಲ್ಲಿ ಬಡ್ತಿ ಸಿಗುವುದು ಜ್ಯೇಷ್ಠತಾ ಪಟ್ಟಿಯ ಪ್ರಕಾರ. ಮೇಲಿನವರು ನಿವೃತ್ತರಾಗದೆ ಜಾಗ ತೆರವಾಗುವುದಿಲ್ಲ, ನಾನು ಎಷ್ಟೇ ದುಡಿದರೂ. ನಿಜವಾಗಿ ಕೊರೆಯುತ್ತಿರುವುದು ಇದೇ.

ಹೀಗೆ ದಾಟಿ ಹೋದವರು ದಯವಿಟ್ಟು ತಿಳಿಸಿ: ಹೇಳಿದ ಬೋನಸ್‌ನಲ್ಲಿ ಎಷ್ಟು ಭಾಗ ಕೈಗೆ ಬಂತು? ಮೊದಲ ಕೆಲವು ವರ್ಷಗಳ ನಂತರವೂ ಸಂಬಳ ಅದೇ ವೇಗದಲ್ಲಿ ಏರಿತೇ? ರಾಜೀನಾಮೆ ಕೊಡದೆ ಹುದ್ದೆಯ ಹಕ್ಕು ಉಳಿಸಿಕೊಂಡು ವೇತನರಹಿತ ರಜೆಯಲ್ಲಿ ಖಾಸಗಿ ಕೆಲಸ ಮಾಡಲು ಯಾರಿಗಾದರೂ ಅನುಮತಿ ಸಿಕ್ಕಿದೆಯೇ? ವಯೋಮಿತಿ ದಾಟಿದರೆ ಮರಳಿ ಬರುವ ದಾರಿ ಮುಚ್ಚುತ್ತದೆ, ಹಾಗಾಗಿ ಕೇಳುತ್ತಿದ್ದೇನೆ.