ಪದ ಬೇಕು: ವರ್ಡ್ ಕಡತ ‘ಕರಪ್ಟ್’ ಆಗುತ್ತದೆ ಅನ್ನುವುದಕ್ಕೆ (ಸಂಜೆಯೊಳಗೆ)

ಸವಿತಾ:

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಸಾಲು ಬೇಕು, ಆದರೆ ಇವತ್ತು ಸಂಜೆಯೊಳಗೆ ಬೇಕು.

ನಮ್ಮ ಅನುವಾದದ ತಂಡದಲ್ಲಿ ಕೆಲವರು `.docx` ಕಡತವನ್ನು ಜಿಪ್ ಥರ ಬಿಚ್ಚಿ, ಒಳಗಿರುವ `word/document.xml` ಅನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಒಂದೇ ಏಟಿಗೆ ಪದಗಳನ್ನು ಬದಲಾಯಿಸಿ ಮತ್ತೆ ಜಿಪ್ ಮಾಡುತ್ತಿದ್ದಾರೆ. ಬೇಗ ಮುಗಿಯುತ್ತದೆ ಅಂತ. ಆಮೇಲೆ ವರ್ಡ್ ಅದನ್ನು ತೆರೆಯುವುದೇ ಇಲ್ಲ. ಗೋಡೆಗೆ ಅಂಟಿಸುವ ಸೂಚನೆಗೆ ಹೀಗೆ ಬರೆದಿದ್ದೇನೆ: ‘ಡಾಕ್ಸ್ ಆರ್ಕೈವಿನ ಒಳಗಿನ ಎಕ್ಸ್‌ಎಂಎಲ್ ಅನ್ನು ನೇರವಾಗಿ ತಿದ್ದಬೇಡಿ, ಕಡತ ಭ್ರಷ್ಟವಾಗುತ್ತದೆ.’ ಭ್ರಷ್ಟ ಅಂದರೆ ಲಂಚದ ನೆನಪಾಗುತ್ತದೆ, ಅಲ್ವಾ? ಬೇರೆ ಪದ ಹೇಳಿ.

ಶ್ರೀಪಾದ:

ಕೆಡುತ್ತದೆ. ಇದಕ್ಕೆ ಚರ್ಚೆಯೇ ಬೇಡ.

ಕೆಡು ನಮ್ಮದೇ ಪದ. ತಮಿಳಿನಲ್ಲೂ ಕೆಡು, ತೆಲುಗಿನಲ್ಲಿ ಚೆಡು. ನಮ್ಮ ಕಿವಿ ಅಲ್ಲಿ ಚೆವಿ, ನಮ್ಮ ಕೆರೆ ಅಲ್ಲಿ ಚೆರುವು ಆದ ಹಾಗೆ ಇದೂ ಆಗಿದೆ. ಹಾಲು ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಬುದ್ಧಿ ಕೆಡುತ್ತದೆ. ಕಡತ ಯಾಕೆ ಕೆಡಬಾರದು? ಭ್ರಷ್ಟ ಅಂದರೆ ಮೂಲದಲ್ಲಿ ಜಾರಿ ಬಿದ್ದದ್ದು. ಇಲ್ಲಿ ಯಾವುದೂ ಜಾರಿಲ್ಲ.

ಗಣಪತಿ ಭಟ್ಟ:

ಆರ್ಕೈವ್ ಅನ್ನುವುದಕ್ಕೆ ಪತ್ರಾಗಾರ ಅನ್ನುವ ಒಳ್ಳೆಯ ಪದ ಇದೆ. ರಾಜ್ಯ ಪತ್ರಾಗಾರ ಇಲಾಖೆಯೇ ಇದೆಯಲ್ಲ. ‘ಪತ್ರಾಗಾರದಲ್ಲಿರುವ ದಾಖಲೆಗಳನ್ನು ತಿದ್ದಬಾರದು’ ಅಂತ ಬರೆದರೆ ಸಾಕು. ಹಳೆಯ ದಾಖಲೆ ತಿದ್ದುವುದು ಹೇಗಿದ್ದರೂ ತಪ್ಪು.

ಇಮ್ತಿಯಾಜ್:

ಭಟ್ಟರೇ, ಇದು ಆ ಆರ್ಕೈವ್ ಅಲ್ಲ. ಇಲ್ಲಿ ಆರ್ಕೈವ್ ಅಂದರೆ ಹಲವು ಕಡತಗಳನ್ನು ಒತ್ತಿ ಕಟ್ಟಿದ ಜಿಪ್ ಗಂಟು. ಸವಿತಾ ಅವರೇ, ಸೂಚನೆಯಲ್ಲಿ ‘ಜಿಪ್’ ಅಂತಲೇ ಬರೆಯಿರಿ.

ಪದಕ್ಕೆ ಮೊದಲು ಒಂದು ಪ್ರಶ್ನೆ. ಆ ಕಡತಗಳಿಗೆ ನಿಜವಾಗಿ ಏನಾಗಿದೆ? ತೆರೆಯುತ್ತಲೇ ಇಲ್ಲವೋ, ತೆರೆದು ಒಳಗೆ ಏನಾದರೂ ಕಾಣೆಯಾಗಿದೆಯೋ? ಎರಡೂ ಬೇರೆ ಬೇರೆ. ಯಾವ ಪದವನ್ನು ಯಾವುದಕ್ಕೆ ಬದಲಾಯಿಸಿದರು ಅಂತಲೂ ಹೇಳಿ.

ಸವಿತಾ:

ಎರಡೂ ಆಗಿವೆ ಸರ್. ಒಂದರಲ್ಲಿ `document` ಅನ್ನುವ ಕಡೆಯಲ್ಲೆಲ್ಲ ‘ದಾಖಲೆ’ ಅಂತ ಹಾಕಿದ್ದರು. ಅದು ತೆರೆಯಲಿಲ್ಲ. ಇನ್ನೊಂದರಲ್ಲಿ ‘ಗ್ರಾಹಕರು’ ತೆಗೆದು ‘ಬಳಕೆದಾರರು’ ಅಂತ ಮಾಡಬೇಕಿತ್ತು. ಅದು ತೆರೆಯಿತು, ಆದರೆ ಮಧ್ಯದ ಪುಟಗಳೇ ಇಲ್ಲ.

ಮಂಜುನಾಥ:

ಇದು ಜಿಪ್ ಮಾಡುವಾಗಿನ ತಪ್ಪು. ಒಳಗಿನ ಕಡತಗಳ ಕ್ರಮ ಬದಲಾಗಬಾರದು. `mimetype` ಮೊದಲು ಬರಬೇಕು, ಅದನ್ನು ಒತ್ತಬಾರದು. ಆಮೇಲೆ ಎಕ್ಸ್‌ಎಂಎಲ್ ಬರವಣಿಗೆಯ ತಪ್ಪು ಹುಡುಕುವ `xmllint --noout document.xml` ಓಡಿಸಿ ನೋಡಿ. ತಪ್ಪು ತೋರಿಸದಿದ್ದರೆ ಕಡತ ಸರಿ ಇದೆ ಅಂತಲೇ ಅರ್ಥ.

ಇಮ್ತಿಯಾಜ್:

ಮಂಜುನಾಥ್, `mimetype` ನಿಯಮ `.odt` ಮತ್ತು ಇಪಬ್‌ಗೆ. ಡಾಕ್ಸ್ ಒಳಗೆ ಆ ಹೆಸರಿನ ಕಡತವೇ ಇರುವುದಿಲ್ಲ. ಜಿಪ್ ಮಾಡುವಾಗ ತಪ್ಪಾಗುತ್ತದೆ ಅನ್ನುವುದು ಮಾತ್ರ ನಿಜ. ಬಿಚ್ಚಿದ ಫೋಲ್ಡರಿನ ಒಳಗೆ ಹೋಗಿ, ಅಲ್ಲಿರುವುದನ್ನೆಲ್ಲ ಆರಿಸಿ ಜಿಪ್ ಮಾಡಬೇಕು. ಜನ ಹೊರಗೆ ನಿಂತು ಫೋಲ್ಡರನ್ನೇ ಜಿಪ್ ಮಾಡುತ್ತಾರೆ. ಆಗ `[Content_Types].xml` ಒಂದು ಮೆಟ್ಟಿಲು ಕೆಳಗೆ ಹೋಗುತ್ತದೆ, ವರ್ಡ್‌ಗೆ ಸಿಗುವುದಿಲ್ಲ.

ಆದರೆ ಸವಿತಾ ಅವರ ಎರಡು ಕಡತಗಳ ಕಥೆ ಇದಲ್ಲ. ಒಂದೊಂದಾಗಿ ನೋಡೋಣ.

`document` → ‘ದಾಖಲೆ’. ನೋಟ್‌ಪ್ಯಾಡಿಗೆ ಎಲ್ಲವೂ ಅಕ್ಷರವೇ. ಯಾವುದು ನಾವು ಬರೆದ ಮಾತು, ಯಾವುದು ವರ್ಡ್ ಹಾಕಿದ ಟ್ಯಾಗ್ ಅಂತ ಅದಕ್ಕೆ ಗೊತ್ತಿಲ್ಲ. ಆ ಎಕ್ಸ್‌ಎಂಎಲ್ ಶುರುವಾಗುವುದೇ `<w:document` ಅಂತ, ಮುಗಿಯುವುದು `</w:document>` ಅಂತ. ಎರಡೂ ಬದಲಾದವು:

```
<w:ದಾಖಲೆ xmlns:w="..."> ... </w:ದಾಖಲೆ>
```

ಈಗ ಇದಕ್ಕೆ `xmllint` ಓಡಿಸಿ. ಏನೂ ತಪ್ಪು ಹೇಳುವುದಿಲ್ಲ. ಎಕ್ಸ್‌ಎಂಎಲ್‌ನಲ್ಲಿ ಟ್ಯಾಗಿನ ಹೆಸರು ಕನ್ನಡದಲ್ಲಿದ್ದರೂ ನಡೆಯುತ್ತದೆ. ತೆರೆದ ಟ್ಯಾಗ್, ಮುಚ್ಚಿದ ಟ್ಯಾಗ್ ಎರಡೂ ಹೊಂದುತ್ತವೆ. ಆದರೆ ವರ್ಡ್‌ಗೆ ಬೇಕಾದದ್ದು `w:document`, ಅದು ಇಲ್ಲ. ಹಾಗಾಗಿ ‘ತಪ್ಪು ತೋರಿಸದಿದ್ದರೆ ಕಡತ ಸರಿ’ ಅನ್ನುವುದು ನಿಲ್ಲುವುದಿಲ್ಲ. ಎಲ್ಲ ಕಡತಗಳಲ್ಲೂ ಬದಲಾಯಿಸಿದ್ದರೆ ಇನ್ನೂ ಜಾಸ್ತಿ ತೊಂದರೆ. `[Content_Types].xml` ಒಳಗೆ `/word/document.xml` ಅನ್ನುವ ವಿಳಾಸ ಇರುತ್ತದೆ, ಅದೂ `/word/ದಾಖಲೆ.xml` ಆಗುತ್ತದೆ. ಆ ಹೆಸರಿನ ಕಡತ ಗಂಟಿನಲ್ಲಿ ಇರುವುದೇ ಇಲ್ಲ. `tab`, `body`, `color`, `lang` ಇವೆಲ್ಲ ಟ್ಯಾಗುಗಳಲ್ಲೂ ಬರುವ ಪದಗಳೇ.

ಲತಾ:

ಕಲಬುರಗಿಯಿಂದ. ನಮ್ಮ ಕಡೆ ‘ಫೈಲ್ ಖರಾಬಾಯಿತು’ ಅಂತೀವಿ. ಪಹಣಿಯಲ್ಲೂ ಖರಾಬು ಇದೆ. ಯಾರಿಗೆ ಅರ್ಥ ಆಗುವುದಿಲ್ಲ?

ಇನ್ನೊಂದು, ನನ್ನದೂ ಇದೇ ಥರದ ತೊಂದರೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪುಸ್ತಕವನ್ನು ಯೂನಿಕೋಡ್ ಮಾಡಬೇಕಿತ್ತು. ಫಾಂಟ್ ಬದಲಾದರೂ ವಿನ್ಯಾಸ ಉಳಿಯಲಿ ಅಂತ `document.xml` ಪೂರ್ತಿಯನ್ನೇ ಪರಿವರ್ತಕಕ್ಕೆ ಹಾಕಿದರು. ವಾಪಸ್ ಬಂದದ್ದರಲ್ಲಿ ಟ್ಯಾಗುಗಳೂ ಕನ್ನಡ ಅಕ್ಷರಗಳಾಗಿದ್ದವು. ಬರೀ `<w:t>` ಒಳಗಿನದನ್ನು ಮಾತ್ರ ಪರಿವರ್ತಿಸಿದರೆ ಆಗುತ್ತದಾ?

ಶ್ರೀಪಾದ:

ಖರಾಬು ಅರಬಿಯಿಂದ ಪಾರಸಿ ದಾರಿಯಲ್ಲಿ ಬಂದದ್ದು. ಕರಪ್ಟ್ ಬೇಡ ಅಂತ ಖರಾಬು ತಂದರೆ ಆದದ್ದೇನು? ಮನೆಯಲ್ಲಿ ಕೆಡು ಇರುವಾಗ ಎರವಲು ಯಾಕೆ?

ಲತಾ:

ಮನೆ ಯಾರದು ಸರ್? ನಮ್ಮಜ್ಜಿ ಖರಾಬು ಅಂತಲೇ ಅನ್ನುತ್ತಿದ್ದರು. ಅವರ ಕನ್ನಡ ಕನ್ನಡವಲ್ಲವಾ?

ಇಮ್ತಿಯಾಜ್:

ಲತಾ ಅವರೇ, `<w:t>` ಒಳಗಿನದನ್ನು ಮಾತ್ರ ಮುಟ್ಟಿದರೆ ಕಡತ ತೆರೆಯುತ್ತದೆ. ಆದರೆ ಪಠ್ಯ ತಪ್ಪಬಹುದು. ಅದಕ್ಕೆ ಕಾರಣ ಸವಿತಾ ಅವರ ಎರಡನೇ ಕಡತದಲ್ಲೇ ಇದೆ.

ಪರದೆಯ ಮೇಲೆ ನಮಗೆ ‘ಗ್ರಾಹಕರು’ ಒಂದೇ ಪದ. ಒಳಗೆ ಹಾಗಿರಬೇಕು ಅಂತೇನಿಲ್ಲ. ಯಾರೋ ಮೊದಲು ‘ಗ್ರಾಹಕ’ ಅಂತ ಬರೆದು ಉಳಿಸಿ, ಇನ್ನೊಂದು ದಿನ ‘ರು’ ಸೇರಿಸಿದರೆ ವರ್ಡ್ ಅದನ್ನು ಎರಡು ತುಂಡಾಗಿ ಇಡಬಹುದು:

```
<w:r><w:t>ಗ್ರಾಹಕ</w:t></w:r>
<w:r w:rsidR="00B31F4A"><w:t>ರು</w:t></w:r>
```

(ಓದಲಿಕ್ಕೆ ಅಂತ ಎರಡು ಸಾಲು ಮಾಡಿದ್ದೇನೆ.) ಆ `rsid` ಅಂದರೆ ಯಾವ ಸಲ ತಿದ್ದಿದಾಗ ಸೇರಿದ್ದು ಅನ್ನುವ ಗುರುತು. ಕಾಗುಣಿತ ತಪ್ಪಿನ ಗುರುತು, ಅರ್ಧ ಪದಕ್ಕೆ ಬೋಲ್ಡ್, ಭಾಷೆ ಬದಲು, ಇವುಗಳಿಂದಲೂ ಪದ ತುಂಡಾಗುತ್ತದೆ. ಹಾಗಾಗಿ ನೋಟ್‌ಪ್ಯಾಡಿನಲ್ಲಿ ‘ಗ್ರಾಹಕರು’ ಹುಡುಕಿದರೆ ಕೆಲವು ಸಿಗುತ್ತವೆ, ಕೆಲವು ಸಿಗುವುದಿಲ್ಲ. ಆಗ ಸ್ವಲ್ಪ ಗೊತ್ತಿರುವವರು ಮಧ್ಯದ ಟ್ಯಾಗನ್ನು ಹಾರಿಸಲು ರೆಜೆಕ್ಸ್ ನಡೆಯುವ ಬೇರೆ ಎಡಿಟರಿನಲ್ಲಿ `ಗ್ರಾಹಕ.*ರು` ಅಂತ ಹಾಕುತ್ತಾರೆ, ನೋಟ್‌ಪ್ಯಾಡಿನಲ್ಲಿ ಅದು ನಡೆಯುವುದಿಲ್ಲ. ನಿಮ್ಮವರೂ ಹಾಗೇ ಮಾಡಿರಬೇಕು.

ಇಲ್ಲೇ ಅಪಾಯ. ವರ್ಡ್ ಬರೆದ `document.xml` ನಲ್ಲಿ ಸಾಮಾನ್ಯವಾಗಿ ಎರಡೇ ಸಾಲು. ಮೊದಲನೆಯದು `<?xml ...?>`, ಉಳಿದ ಪುಸ್ತಕವೆಲ್ಲ ಎರಡನೇ ಸಾಲು. `.*` ಸಾಲಿನ ಕೊನೆಯವರೆಗೂ ನುಂಗುತ್ತದೆ. ಅಂದರೆ ಮೊದಲ ‘ಗ್ರಾಹಕ’ದಿಂದ ಹಿಡಿದು ಇಡೀ ಕಡತದ ಕೊನೆಯ ‘ರು’ವರೆಗೆ ಇರುವುದೆಲ್ಲ ಹೋಗಿ ಅಲ್ಲಿ ಒಂದು ‘ಬಳಕೆದಾರರು’ ಉಳಿಯುತ್ತದೆ. ಮೊದಲನೆಯದೂ ಕೊನೆಯದೂ ಎರಡೂ ಸಾದಾ ಪ್ಯಾರಾದಲ್ಲಿದ್ದರೆ ಉಳಿದ ಟ್ಯಾಗುಗಳು ತಾವಾಗಿಯೇ ಹೊಂದಿಬಿಡುತ್ತವೆ. ಕಡತ ಯಾವ ತಕರಾರೂ ಇಲ್ಲದೆ ತೆರೆಯುತ್ತದೆ. ಪುಟಗಳು ಮಾತ್ರ ಇಲ್ಲ. ಕೊನೆಯ ‘ರು’ ಟೇಬಲಿನ ಒಳಗಿದ್ದರೆ ಮುಚ್ಚುವ ಟ್ಯಾಗುಗಳಿಗೆ ಜೊತೆ ಸಿಗುವುದಿಲ್ಲ, ಆಗ ವರ್ಡ್ ತೆರೆಯಲು ಒಪ್ಪುವುದಿಲ್ಲ. ತೆರೆಯದ ಕಡತವೇ ವಾಸಿ, ತಪ್ಪಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ತೆರೆದುಕೊಂಡದ್ದು ಹಾಗೇ ಅಚ್ಚಿಗೆ ಹೋಗುತ್ತದೆ.

ಲತಾ ಅವರೇ, ನಿಮ್ಮದಕ್ಕೂ ಇದೇ ಉತ್ತರ. ನುಡಿಯಂಥ ಹಳೆಯ ಫಾಂಟುಗಳಲ್ಲಿ ಅಕ್ಷರ, ಒತ್ತು ಬೇರೆ ಬೇರೆ ಚೂರು. ಚೂರುಗಳ ಮಧ್ಯೆ ತುಂಡಾಗಿದ್ದರೆ, ಒಂದೊಂದು `<w:t>` ಅನ್ನು ಬಿಡಿಬಿಡಿಯಾಗಿ ಪರಿವರ್ತಿಸಿದಾಗ ಒತ್ತು ತನ್ನ ಅಕ್ಷರ ಬಿಟ್ಟು ಹೋಗುತ್ತದೆ. ಒಂದು ಪ್ಯಾರಾದ ತುಂಡುಗಳನ್ನು ಜೋಡಿಸಿ ಪರಿವರ್ತಿಸಿ, ಮತ್ತೆ ಹಂಚಬೇಕು. ಹೇಗೆ ಹಂಚಬೇಕು ಅನ್ನುವುದಕ್ಕೆ ನನಗೆ ತೃಪ್ತಿಯಾಗುವ ದಾರಿ ಇನ್ನೂ ಸಿಕ್ಕಿಲ್ಲ.

ಮಂಜುನಾಥ:

ಸರಿ, `xmllint` ವಿಷಯ ಒಪ್ಪಿದೆ. ಆದರೆ `&` ತಪ್ಪನ್ನು ಅದು ಹಿಡಿಯುತ್ತದೆ. ಬದಲಿ ಪದ ‘ಸಂಶೋಧನೆ & ಅಭಿವೃದ್ಧಿ’ ಅಂತಿದ್ದರೆ ಅದನ್ನು `&amp;` ಅಂತಲೇ ಬರೆಯಬೇಕು. ಬರೀ `&` ಹಾಕಿದರೆ ಕಡತ ತೆರೆಯುವುದಿಲ್ಲ. ವರ್ಡ್ ಕೂಡ `Line: 2` ಅಂತ ತೋರಿಸುತ್ತದೆ.

ಇಮ್ತಿಯಾಜ್:

ಹೌದು, ಅದನ್ನು ಹಿಡಿಯುತ್ತದೆ. ಆದರೆ `Line: 2` ಅಂದರೆ ‘ಕಡತದಲ್ಲಿ ಎಲ್ಲೋ’ ಅಂತ ಅಷ್ಟೇ, ಎಲ್ಲವೂ ಎರಡನೇ ಸಾಲಲ್ಲವಾ. ಪಕ್ಕದ `Column` ಅಂಕಿ ಹಿಡಿದು ಹುಡುಕಬೇಕು.

ಶ್ರೀಪಾದ:

ಇಷ್ಟೆಲ್ಲ ಆದ ಮೇಲೂ ಪದ ಕೆಡು ಅಂತಲೇ. ತೆರೆಯದಿದ್ದರೂ ಕೆಟ್ಟಿದೆ, ಪುಟ ಹೋದರೂ ಕೆಟ್ಟಿದೆ.

ಇಮ್ತಿಯಾಜ್:

ಇಲ್ಲಿ ನಾನು ಒಪ್ಪುವುದಿಲ್ಲ. ‘ಕೆಡುತ್ತದೆ’ ಅಂದರೆ ಓದುವವರು ತೆರೆಯದ ಕಡತವನ್ನು ಮಾತ್ರ ನೆನೆಯುತ್ತಾರೆ. ತೆರೆದುಕೊಂಡರೆ ‘ನನ್ನದು ಕೆಟ್ಟಿಲ್ಲ’ ಅಂತ ಮುಂದೆ ಕಳಿಸುತ್ತಾರೆ. ಎರಡನ್ನೂ ಬಿಡಿಸಿ ಹೇಳಿ.

ಶ್ರೀಪಾದ:

ಹಳಸಿದ ಅನ್ನವೂ ನೋಡಲು ಅನ್ನದ ಹಾಗೇ ಇರುತ್ತದೆ. ಕೆಟ್ಟಿಲ್ಲ ಅನ್ನುತ್ತೀರಾ? ಪದವನ್ನು ದೂರಬೇಡಿ.

ಸವಿತಾ:

ಎಲ್ಲರಿಗೂ ಧನ್ಯವಾದ. ಈಗ ಹೀಗೆ ಹಾಕುತ್ತಿದ್ದೇನೆ:

‘ಡಾಕ್ಸ್ ಕಡತವನ್ನು ಜಿಪ್ ಬಿಚ್ಚಿ, ಒಳಗಿನ ಎಕ್ಸ್‌ಎಂಎಲ್‌ನಲ್ಲಿ ಪದ ಬದಲಾಯಿಸಬೇಡಿ. ಕಡತ ಕೆಡುತ್ತದೆ: ವರ್ಡ್‌ನಲ್ಲಿ ತೆರೆಯದೆ ಹೋಗಬಹುದು, ಇಲ್ಲವೇ ತೆರೆದರೂ ಪುಟಗಳು ಕಾಣೆಯಾಗಿರಬಹುದು.’

ಬೇಡ ಅಂದ ಮೇಲೆ ಬೇರೆ ದಾರಿಯನ್ನೂ ಬರೆಯಬೇಕಲ್ಲ. ಪೈಥಾನ್‌ನಲ್ಲಿ ಮಾಡಬಹುದು ಅಂತ ಒಬ್ಬರು ಹೇಳುತ್ತಿದ್ದಾರೆ.

ಇಮ್ತಿಯಾಜ್:

ಮೊದಲು ವರ್ಡ್‌ನ ಹುಡುಕು–ಬದಲಿಸು ಬಳಸಿ. ಪದ ಒಳಗೆ ತುಂಡಾಗಿದ್ದರೂ ಅದು ಹಿಡಿಯುತ್ತದೆ. ಕಡತಗಳು ಜಾಸ್ತಿ ಇದ್ದರೆ ಅದನ್ನೇ ಮ್ಯಾಕ್ರೋ ಮಾಡಿ. `python-docx` ಕೂಡ ಸರಿ, `&` ಚಿಂತೆಯನ್ನು ಅದೇ ನೋಡಿಕೊಳ್ಳುತ್ತದೆ. ಆದರೆ `paragraph.text` ಗೆ ಹೊಸ ಪಠ್ಯ ಬರೆದರೆ ಆ ಪ್ಯಾರಾದೊಳಗಿನ ಬೋಲ್ಡ್, ಇಟಾಲಿಕ್ ಎಲ್ಲ ಹೋಗುತ್ತದೆ. ಟೇಬಲಿನ ಖಾಲಿ ಪ್ಯಾರಾಗಳನ್ನು ಅಳಿಸುವ ಸ್ಕ್ರಿಪ್ಟ್ ಇದ್ದರೆ ಅದನ್ನೂ ನಿಲ್ಲಿಸಿ. ಪ್ರತಿ ಕೋಶದಲ್ಲೂ ಒಂದು `<w:p>` ಇರಲೇಬೇಕು, ಇಲ್ಲದಿದ್ದರೆ ವರ್ಡ್ ಕಡತವನ್ನು ಒಪ್ಪುವುದಿಲ್ಲ. `xmllint` ಗೆ ಇದೂ ಕಾಣುವುದಿಲ್ಲ.

ಲತಾ:

ಸೂಚನೆಯಲ್ಲಿ ‘ಕೆಡುತ್ತದೆ’ ಇರಲಿ, ತಕರಾರಿಲ್ಲ. ಖರಾಬು ಎರವಲು ಅಂದದ್ದಕ್ಕೆ ಬೇರೆ ಎಳೆ ತೆರೆಯುತ್ತೇನೆ, ಶ್ರೀಪಾದ ಸರ್ ಅಲ್ಲಿಗೆ ಬನ್ನಿ.