ಅಡಿಕೆ ಸುಲಿದ ದುಡ್ಡಲ್ಲಿ ವರ್ಷದ ಎಸ್‌ಐಪಿ

ಪ್ರಶ್ನೆ (ಬಿಕಾಂ ಎರಡನೇ ವರ್ಷ, ಶಿವಮೊಗ್ಗ): ಮೇಡಂ, ಮನೆಯಿಂದ ಬರುವ ದುಡ್ಡಲ್ಲಿ ತಿಂಗಳಿಗೆ 200 ಉಳಿದರೆ ಹೆಚ್ಚು, ಕೆಲವು ತಿಂಗಳು ಅದೂ ಇಲ್ಲ. ರಜೆಯಲ್ಲಿ ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯೋಕೆ ಹೋದರೆ ಒಂದು 4,000 ಸಿಗುತ್ತದೆ. ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಕಂತು ಹೋಗುವ ಎಸ್‌ಐಪಿ 200 ರೂಪಾಯಿದು ಶುರು ಮಾಡಲಾ?

ಹೂಡಿಕೆ ಸಲಹೆಗಾರ್ತಿ: ಮಾಡಿ, ಆದರೆ 100 ಸಾಕು. ಮಾರ್ಕೆಟ್ ಸೂಚ್ಯಂಕವನ್ನೇ ಹಿಂಬಾಲಿಸುವ ಇಂಡೆಕ್ಸ್ ಫಂಡ್‌ಗಳು ಎಷ್ಟೋ ಅಷ್ಟಕ್ಕೇ ಶುರುವಾಗುತ್ತವೆ. ನಿಮಗೆ ಪೆಟ್ಟು ಬೀಳುವುದು ಕಂತಿನ ದಿನ ಖಾತೆ ಖಾಲಿ ಇದ್ದರೆ. ಫಂಡ್‌ನವರು ದಂಡ ಹಾಕುವುದಿಲ್ಲ, ಬ್ಯಾಂಕ್ ಹಾಕುತ್ತದೆ, ಹಲವು ಕಡೆ ಒಂದು ಸಲಕ್ಕೆ 250ರಿಂದ 500, ಅದರ ಮೇಲೆ ಜಿಎಸ್‌ಟಿ. ಅಂದರೆ ಮೂರರಿಂದ ಆರು ತಿಂಗಳ ಕಂತು ಒಂದೇ ಏಟಿಗೆ ಹೋಯಿತು. ಸತತ ಮೂರು ತಿಂಗಳು ತಪ್ಪಿದರೆ ಎಸ್‌ಐಪಿಯೇ ರದ್ದಾಗುತ್ತದೆ.

ಹಾಗಾಗಿ ತಿಂಗಳ ಉಳಿತಾಯದ ಮೇಲೆ ಕಂತು ಕಟ್ಟಬೇಡಿ, ಸೀಸನ್ ದುಡ್ಡಿನ ಮೇಲೆ ಕಟ್ಟಿ. ಮಿನಿಮಮ್ ಬ್ಯಾಲೆನ್ಸ್ ಕೇಳದ ಇನ್ನೊಂದು ಉಳಿತಾಯ ಖಾತೆ ತೆರೆಯಿರಿ. 4,000ದಲ್ಲಿ 1,200 ಅಲ್ಲಿ ಹಾಕಿ, ಆಟೋಪೇ ಆ ಖಾತೆಗೇ ಕೊಡಿ. ಹನ್ನೆರಡು ಕಂತು ಆಯಿತು, ಮಳೆಗಾಲದಲ್ಲಿ ಕೈ ಖಾಲಿ ಇದ್ದರೂ ತಪ್ಪುವುದಿಲ್ಲ. ಆ ಖಾತೆಯ ಯುಪಿಐ ಮಾತ್ರ ಫೋನಿಗೆ ಹಾಕಿಕೊಳ್ಳಬೇಡಿ, ಕ್ಯಾಂಟೀನ್‌ನಲ್ಲೇ ಖಾಲಿಯಾಗುತ್ತದೆ! ಉಳಿದ 2,800 ಪರೀಕ್ಷೆ ಫೀಸಿಗೆ, ಬಸ್ಸಿಗೆ ಇರಲಿ. ಅದನ್ನು ಫಂಡ್‌ಗೆ ಹಾಕಬೇಡಿ, ಬೇಕಾದ ಹೊತ್ತಿಗೆ ಮಾರ್ಕೆಟ್ ಕೆಳಗಿದ್ದರೆ ನಷ್ಟಕ್ಕೆ ಮಾರಬೇಕಾಗುತ್ತದೆ.

ಭದ್ರಾವತಿಯಿಂದ ಒಬ್ಬರು: ಫಂಡ್ ಯಾಕೆ ಮಾರಾಯ, ತಿಂಗಳಿಗೊಂದು ಶೇರ್ ತಗೋ. ಡೆಲಿವರಿಗೆ, ಅಂದರೆ ಕೊಂಡು ಇಟ್ಟುಕೊಳ್ಳೋದಕ್ಕೆ, ಬ್ರೋಕರೇಜೇ ಇಲ್ಲ.

ಸಲಹೆಗಾರ್ತಿ: ಕೊಳ್ಳುವಾಗ ಕೆಲವು ಬ್ರೋಕರ್‌ಗಳಲ್ಲಿ ಇಲ್ಲ, ನಿಜ. ಮಾರುವಾಗ, ಶೇರ್ ಇಟ್ಟಿರುವ ಡಿಮ್ಯಾಟ್ ಖಾತೆಯಿಂದ ಅದನ್ನು ತೆಗೆಯಲು ಡಿಪಿ ಚಾರ್ಜ್ ಇದೆಯಲ್ಲ ಸರ್? ಸಾಮಾನ್ಯವಾಗಿ 15 ರೂಪಾಯಿ ಆಸುಪಾಸು. 200ರ ಒಂದು ಶೇರ್ ಮಾರಿದರೆ ಏಳೆಂಟು ಪರ್ಸೆಂಟ್ ಅಲ್ಲೇ ಹೋಗುತ್ತದೆ. ಫಂಡ್‌ಗೆ ಡಿಮ್ಯಾಟ್ ಕೂಡ ಬೇಕಿಲ್ಲ.

ಸಾಗರದಿಂದ ಒಬ್ಬ ತಾಯಿ: ನನ್ನ ಮಗ ನಮ್ಮ ಸೊಸೈಟಿಯಲ್ಲಿ ದಿನಕ್ಕೆ 20 ರೂಪಾಯಿ ಪಿಗ್ಮಿ ಕಟ್ಟುತ್ತಾನೆ. ಏಜೆಂಟ್ ಮನೆಗೇ ಬರುತ್ತಾರೆ. ಅಭ್ಯಾಸ ಆಗಬೇಕು ಅಂದರೆ ಅದೇ ಒಳ್ಳೆಯದಲ್ವಾ?

ಸಲಹೆಗಾರ್ತಿ: ಅಭ್ಯಾಸಕ್ಕೆ ಪಿಗ್ಮಿ ಚೆನ್ನಾಗಿದೆ ಅಮ್ಮ. ಒಂದು ನೋಡಿಕೊಳ್ಳಿ, 5 ಲಕ್ಷದವರೆಗಿನ ಠೇವಣಿ ವಿಮೆ ಇರುವುದು ಬ್ಯಾಂಕ್‌ಗಳಿಗೆ, ಸಹಕಾರಿ ಬ್ಯಾಂಕ್‌ಗಳೂ ಸೇರಿ. ಪತ್ತಿನ ಸಹಕಾರ ಸಂಘಕ್ಕೆ ಅದಿಲ್ಲ. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100ರಿಂದ ಇದೆ, ಒಂದು ಕಂತು ತಪ್ಪಿದರೆ ನೂರಕ್ಕೆ ಒಂದೇ ರೂಪಾಯಿ ದಂಡ. ಆದರೆ ಐದು ವರ್ಷದ್ದು, ಮೂರು ವರ್ಷ ಆಗದೆ ಮುಚ್ಚಲು ಬಿಡುವುದಿಲ್ಲ.

ಸಾಗರದ ತಾಯಿ: ನಮ್ಮ ಸೊಸೈಟಿ ಅಜ್ಜನ ಕಾಲದ್ದು, ಒಂದು ದಿನ ತಡ ಮಾಡಿಲ್ಲ. ನಾನಂತೂ ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು: ಮೇಡಂ, ಪ್ಯಾನ್‌ನಲ್ಲಿ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ. ಕೆವೈಸಿ ಆಗುತ್ತಾ?

ಸಲಹೆಗಾರ್ತಿ: ಅಲ್ಲೇ ಸಿಕ್ಕಿಕೊಳ್ಳುವ ಸಾಧ್ಯತೆ ಜಾಸ್ತಿ. ಎರಡರಲ್ಲಿ ಒಂದನ್ನು ಮೊದಲು ತಿದ್ದಿಸಿ. ಹೊಸ ಬ್ಯಾಂಕ್ ಖಾತೆಯನ್ನೂ ಅದೇ ಹೆಸರಲ್ಲಿ ತೆರೆಯಿರಿ.